ಕೆಲಸ ಹುಡುಕದವರಿಗೆ ಬರೆಯುವ ಮೊದಲ ಸಂದೇಶ: ಮಂಗಳೂರಿನ ಒಂದು ಹುದ್ದೆಯನ್ನು ಮುಂದಿಟ್ಟುಕೊಂಡು

ಮಂಗಳೂರು, ಉಡುಪಿ, ಮಣಿಪಾಲದ ಕಂಪನಿಗಳಿಗೆ ಹಿರಿಯ ಹುದ್ದೆಗೆ ಬೇಕಾದವರು ಅರ್ಜಿ ಹಾಕಿದವರ ಪಟ್ಟಿಯಲ್ಲಿ ಸಿಗುವುದು ಕಡಿಮೆ. ಅವರು ಘಟ್ಟದ ಮೇಲೆ ಬೆಂಗಳೂರಿನಲ್ಲೋ, ಪುಣೆಯಲ್ಲೋ ಒಳ್ಳೆಯ ಕೆಲಸದಲ್ಲಿರುತ್ತಾರೆ. ನೌಕ್ರಿಯಲ್ಲಿ ರೆಸ್ಯೂಮ್ ಹೊಸದು ಮಾಡಿ ವರ್ಷಗಳಾಗಿರುತ್ತವೆ, ಲಿಂಕ್ಡ್‌ಇನ್ ಫೋಟೋದ ಸುತ್ತ ‘ಓಪನ್ ಟು ವರ್ಕ್’ ಹಸಿರು ಪಟ್ಟಿಯೂ ಇರುವುದಿಲ್ಲ. ನೇಮಕಾತಿಯವರ ಮಾತಿನಲ್ಲಿ ಇವರು ಪ್ಯಾಸಿವ್ ಕ್ಯಾಂಡಿಡೇಟ್‌ಗಳು. ಅರ್ಜಿ ಹಾಕಿದವರು ನಮ್ಮಿಂದ ಏನೋ ಕೇಳಿರುತ್ತಾರೆ. ಇವರು ನಮ್ಮಿಂದ ಏನನ್ನೂ ಕೇಳಿಲ್ಲ. ಹಾಗಾಗಿ ಇವರಿಗೆ ಬರೆಯುವ ಮೊದಲ ಸಂದೇಶದಲ್ಲಿ ಕೇಳುವುದು ಕಡಿಮೆಯಾಗಬೇಕು, ಹೇಳುವುದು ಹೆಚ್ಚಾಗಬೇಕು.

ಇಲ್ಲಿ ಒಂದೇ ಉದಾಹರಣೆಯನ್ನು ಕೊನೆವರೆಗೂ ಹಿಡಿದು ಹೋಗೋಣ. ಮಂಗಳೂರಿನ ಕದ್ರಿಯಲ್ಲಿ ನಲವತ್ತು ಜನರ ಒಂದು ಸಾಫ್ಟ್‌ವೇರ್ ಕಂಪನಿ ಇದೆ ಎಂದಿಟ್ಟುಕೊಳ್ಳಿ. ಆಸ್ಪತ್ರೆಗಳ ಔಷಧ ಅಂಗಡಿಗೆ ಬಿಲ್ಲಿಂಗ್ ಮತ್ತು ದಾಸ್ತಾನಿನ ಸಾಫ್ಟ್‌ವೇರ್ ಮಾಡುತ್ತದೆ. ಅದಕ್ಕೊಬ್ಬ ಸೀನಿಯರ್ ಬ್ಯಾಕೆಂಡ್ ಎಂಜಿನಿಯರ್ ಬೇಕು. ಕಣ್ಣಿಗೆ ಬಿದ್ದಿರುವ ವ್ಯಕ್ತಿ ಬೆಂಗಳೂರಿನ ಪೇಮೆಂಟ್ಸ್ ಕಂಪನಿಯೊಂದರಲ್ಲಿ ಇದ್ದಾರೆ, ಏಳು ವರ್ಷದ ಅನುಭವವಿದೆ.

ಹೋಗಬಾರದ ಸಂದೇಶ

ಇಂಥವರ ಇನ್‌ಬಾಕ್ಸ್‌ಗೆ ಸಾಮಾನ್ಯವಾಗಿ ಬಂದು ಬೀಳುವುದು ಹೀಗಿರುತ್ತದೆ:

> ಗ್ರೀಟಿಂಗ್ಸ್! ನಿಮ್ಮ ಪ್ರೊಫೈಲ್ ನೋಡಿ ತುಂಬ ಇಂಪ್ರೆಸ್ ಆದೆ. ಮಂಗಳೂರಿನ ವೇಗವಾಗಿ ಬೆಳೆಯುತ್ತಿರುವ ಕಂಪನಿಯಲ್ಲಿ ಸೀನಿಯರ್ ಬ್ಯಾಕೆಂಡ್ ಎಂಜಿನಿಯರ್ ಹುದ್ದೆ ಖಾಲಿ ಇದೆ. ಅನುಭವ: 5–10 ವರ್ಷ. ಸ್ಕಿಲ್ಸ್: ಜಾವಾ, ಸ್ಪ್ರಿಂಗ್ ಬೂಟ್, ಎಸ್‌ಕ್ಯೂಎಲ್, ಮೈಕ್ರೋಸರ್ವಿಸಸ್. ಸಂಬಳ: ಬೆಸ್ಟ್ ಇನ್ ಇಂಡಸ್ಟ್ರಿ. ಆಸಕ್ತಿಯಿದ್ದರೆ ರೆಸ್ಯೂಮ್, ಈಗಿನ ಸಿಟಿಸಿ, ನಿರೀಕ್ಷಿತ ಸಿಟಿಸಿ, ನೋಟಿಸ್ ಪೀರಿಯಡ್ ಕಳುಹಿಸಿ. ಇಮ್ಮೀಡಿಯೆಟ್ ಜಾಯ್ನರ್‌ಗಳಿಗೆ ಆದ್ಯತೆ.

ಇದು ನೂರಾರು ಜನರಿಗೆ ಹೋದದ್ದು ಎಂದು ಓದುವವರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಪ್ರೊಫೈಲ್ ನೋಡಿ ಇಂಪ್ರೆಸ್ ಆದೆ ಎನ್ನುತ್ತದೆ, ಆದರೆ ಪ್ರೊಫೈಲಿನಲ್ಲಿ ಏನು ನೋಡಿದರು ಎಂಬುದು ಎಲ್ಲೂ ಇಲ್ಲ. ‘5–10 ವರ್ಷ’ ಎನ್ನುವುದು ಹುಡುಕಾಟದ ಫಿಲ್ಟರ್. ಏಳು ವರ್ಷದ ಅನುಭವಿ ಎಂದು ಗೊತ್ತಿರುವ ಒಬ್ಬರಿಗೆ ಆ ಅಂಕಿ ಹೇಳುವ ಅಗತ್ಯವೇ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಕೊನೆಯ ಎರಡು ವಾಕ್ಯಗಳು. ಕೆಲಸ ಬಿಡುವ ಯೋಚನೆಯೇ ಇಲ್ಲದವರ ಹತ್ತಿರ ಈಗಿನ ಸಂಬಳ ಕೇಳುತ್ತವೆ, ತಕ್ಷಣ ಬರುವವರಿಗೆ ಆದ್ಯತೆ ಎನ್ನುತ್ತವೆ. ಅವರಿಗೆ ತೊಂಬತ್ತು ದಿನದ ನೋಟಿಸ್ ಇರುವ ಸಾಧ್ಯತೆ ಹೆಚ್ಚು. ಅಂದರೆ, ಈ ಸಂದೇಶ ತಮಗೆ ಬರೆದದ್ದೇ ಅಲ್ಲ ಎಂದು ಸಂದೇಶವೇ ಅವರಿಗೆ ಹೇಳುತ್ತಿದೆ.

ಇದನ್ನು ಪದ ಬದಲಾಯಿಸಿ ಸರಿಪಡಿಸಲಾಗದು. ‘ಇಂಪ್ರೆಸ್ ಆದೆ’ ತೆಗೆದು ‘ಗಮನ ಸೆಳೆಯಿತು’ ಎಂದು ಬರೆದರೂ ಒಳಗೆ ಮಾಹಿತಿ ಇಲ್ಲದಿರುವುದು ಹಾಗೇ ಉಳಿಯುತ್ತದೆ. ಬರೆಯುವವರ ಹತ್ತಿರ ಎರಡು ಸಂಗತಿ ಇಲ್ಲ: ಹುದ್ದೆಯ ನಿಜವಾದ ಕೆಲಸ ಏನು, ಮತ್ತು ಈ ವ್ಯಕ್ತಿ ಮಾಡಿದ್ದು ಏನು. ಆ ಎರಡನ್ನು ಮೊದಲು ಸಂಪಾದಿಸಬೇಕು.

ಮೊದಲ ಹಂತ: ತಂಡದ ಮುಖ್ಯಸ್ಥರ ಹತ್ತಿರ ಅರ್ಧ ಗಂಟೆ

ರಿಕ್ರೂಟರ್ ಕೈಗೆ ಬರುವ ಜಾಬ್ ಡಿಸ್ಕ್ರಿಪ್ಶನ್, ಅಂದರೆ ಜೆಡಿ, ಸಾಮಾನ್ಯವಾಗಿ ಹಳೆಯ ಹುದ್ದೆಯದ್ದನ್ನೇ ತಿದ್ದಿದ್ದು. ಅದರಲ್ಲಿ ಸ್ಕಿಲ್‌ಗಳ ಪಟ್ಟಿ ಇರುತ್ತದೆ, ಕೆಲಸ ಇರುವುದಿಲ್ಲ. ಆದ್ದರಿಂದ ಸಂದೇಶ ಬರೆಯುವ ಮೊದಲು, ಈ ಹುದ್ದೆಗೆ ಜನ ಬೇಕೆಂದ ಎಂಜಿನಿಯರಿಂಗ್ ಮ್ಯಾನೇಜರ್ ಜೊತೆ ಕೂತು ಕೇಳಬೇಕು. ಈ ಹುದ್ದೆ ಈಗ ಯಾಕೆ ತೆರೆಯಿತು, ಯಾರಾದರೂ ಬಿಟ್ಟು ಹೋದರೇ ಅಥವಾ ಹೊಸ ಕೆಲಸ ಬಂತೇ? ಬಂದವರು ಮೊದಲ ಆರು ತಿಂಗಳಲ್ಲಿ ಮುಗಿಸಬೇಕಾದ ಒಂದು ಕೆಲಸ ಯಾವುದು? ಅದು ಈಗಿರುವವರ ಕೈಯಲ್ಲಿ ಯಾಕೆ ಆಗುತ್ತಿಲ್ಲ? ಕೊನೆಯದಾಗಿ, ಸಂಬಳದ ಮಿತಿ ಎಷ್ಟು, ಅದರಲ್ಲಿ ಫಿಕ್ಸೆಡ್ ಎಷ್ಟು, ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು, ಎಷ್ಟು ದಿನ ಕಾಯಬಹುದು?

ಮೂರನೆಯ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಿ. ಮೊದಲಿಗೆ ಮ್ಯಾನೇಜರ್ ‘ಸ್ಕೇಲೆಬಲ್ ಆರ್ಕಿಟೆಕ್ಚರ್ ಬೇಕು’ ಎಂದು ಹೇಳಬಹುದು. ಅಲ್ಲಿಗೆ ನಿಲ್ಲಿಸದೆ, ಕೊನೆಯ ಸಲ ಯಾವ ಗ್ರಾಹಕರು ಯಾವ ದೂರಿಗಾಗಿ ಕರೆ ಮಾಡಿದ್ದರು ಎಂದು ಕೇಳಿ. ಆಗ ನಿಜ ಹೊರಗೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಹೀಗೆ: ಆಸ್ಪತ್ರೆಯೊಳಗೆ ನೆಟ್‌ವರ್ಕ್ ಕಡಿದಾಗ ಬಿಲ್ಲಿಂಗ್ ಕೌಂಟರಿನ ಕಂಪ್ಯೂಟರ್ ಬಿಲ್ಲನ್ನು ಮತ್ತೆ ಕಳುಹಿಸುತ್ತದೆ. ಮೊದಲನೆಯದು ಸರ್ವರಿಗೆ ಮುಟ್ಟಿತ್ತು, ಉತ್ತರ ಮಾತ್ರ ವಾಪಸ್ ಬಂದಿರಲಿಲ್ಲ. ಹಾಗಾಗಿ ಒಂದೇ ಬಿಲ್ ಎರಡು ಸಲ ದಾಖಲಾಗಿ, ಹತ್ತು ಸ್ಟ್ರಿಪ್ ಮಾತ್ರೆ ಮಾರಿದರೆ ಲೆಕ್ಕದಲ್ಲಿ ಇಪ್ಪತ್ತು ಕಡಿಮೆಯಾಗುತ್ತದೆ. ಕಪಾಟಿನಲ್ಲಿ ಔಷಧ ಇದ್ದರೂ ಪರದೆಯಲ್ಲಿ ‘ಸ್ಟಾಕ್ ಇಲ್ಲ’ ಎಂದು ಕಾಣುತ್ತದೆ. ಈಗಿರುವ ತಂಡಕ್ಕೆ ಹೊಸ ಆಸ್ಪತ್ರೆಗಳನ್ನು ಜೋಡಿಸುವುದರಲ್ಲೇ ದಿನ ಹೋಗುತ್ತದೆ, ಇದನ್ನು ಬುಡದಿಂದ ಸರಿ ಮಾಡಲು ಪುರುಸೊತ್ತಿಲ್ಲ.

ಇಷ್ಟು ಸಿಕ್ಕಿದ ಮೇಲೆ ಹುದ್ದೆಯನ್ನು ವಿವರಿಸಲು ಒಂದು ವಾಕ್ಯ ಸಾಕು. ಜಾವಾ, ಸ್ಪ್ರಿಂಗ್ ಬೂಟ್ ಎಂದು ಪಟ್ಟಿ ಮಾಡುವ ಅಗತ್ಯ ಬೀಳುವುದಿಲ್ಲ, ಯಾಕೆಂದರೆ ಆ ಕೆಲಸ ಬಲ್ಲವರಿಗೆ ತೊಂದರೆಯ ವಿವರಣೆಯಲ್ಲೇ ಬೇಕಾದ ಪರಿಣತಿ ಕಾಣುತ್ತದೆ.

ಸಂಬಳದ ಮಿತಿ ಕೊಡಲು ಮ್ಯಾನೇಜರ್ ಅಥವಾ ಹಣಕಾಸಿನವರು ಒಪ್ಪದಿದ್ದರೆ ಅಲ್ಲೇ ಒತ್ತಾಯಿಸಬೇಕು. ಬೆಂಗಳೂರಿನಿಂದ ಮಂಗಳೂರಿಗೆ ಬರುವವರ ತಲೆಯಲ್ಲಿ ಮೊದಲು ಏಳುವ ಪ್ರಶ್ನೆಯೇ ಸಂಬಳ ಎಷ್ಟು ಇಳಿಯುತ್ತದೆ ಎಂಬುದು. ಅದಕ್ಕೆ ಉತ್ತರ ಇಲ್ಲದ ಸಂದೇಶವನ್ನು ಅವರು ಇಳಿಯುತ್ತದೆ ಎಂದೇ ಓದಿಕೊಳ್ಳುತ್ತಾರೆ.

ಎರಡನೆಯ ಹಂತ: ವ್ಯಕ್ತಿಯ ಬಗ್ಗೆ ಓದುವುದು, ಮತ್ತು ಓದಿದರೂ ಬರೆಯಬಾರದ್ದು

ಒಬ್ಬರಿಗೆ ಹತ್ತರಿಂದ ಹದಿನೈದು ನಿಮಿಷ ಸಾಕು. ಹುಡುಕಬೇಕಾದ್ದು ಅವರು ಸ್ವತಃ ಹೊರಗೆ ಇಟ್ಟಿರುವ ಕೆಲಸದ ಕುರುಹು: ಬರೆದ ಲೇಖನ, ಮೀಟಪ್‌ನಲ್ಲಿ ಮಾಡಿದ ಭಾಷಣ, ಗಿಟ್‌ಹಬ್‌ನಲ್ಲಿ ನಿಭಾಯಿಸುತ್ತಿರುವ ಲೈಬ್ರರಿ, ಅದೂ ಇಲ್ಲದಿದ್ದರೆ ಪ್ರೊಫೈಲಿನ ಅನುಭವದ ಭಾಗದಲ್ಲಿ ತಾವೇ ಬರೆದುಕೊಂಡ ನಿರ್ದಿಷ್ಟ ಸಾಲು. ನಮ್ಮ ಉದಾಹರಣೆಯ ವ್ಯಕ್ತಿ, ನೆಟ್‌ವರ್ಕ್ ಕೈಕೊಟ್ಟಾಗ ಒಂದೇ ಪಾವತಿ ಎರಡು ಸಲ ಕಡಿತವಾಗದಂತೆ ಪ್ರತಿ ವಿನಂತಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು ನಿಭಾಯಿಸಿದ ಬಗ್ಗೆ ಒಂದು ಲೇಖನ ಬರೆದಿದ್ದಾರೆ. ಔಷಧದ ಬಿಲ್ಲಿನ ತೊಂದರೆಯೂ ಇದೇ ಜಾತಿಯದ್ದು. ಇಲ್ಲಿ ಕೊಂಡಿ ಸಿಕ್ಕಿತು.

ಲೇಖನವನ್ನು ಪೂರ್ತಿ ಓದಿ. ಶೀರ್ಷಿಕೆ ಮಾತ್ರ ನೋಡಿ ‘ನಿಮ್ಮ ಲೇಖನ ಅದ್ಭುತ’ ಎಂದು ಬರೆದರೆ ಬರೆದವರಿಗೆ ಗೊತ್ತಾಗುತ್ತದೆ. ತಾಂತ್ರಿಕ ಭಾಗ ಅರ್ಥವಾಗದಿದ್ದರೆ ಲಿಂಕನ್ನು ಎಂಜಿನಿಯರಿಂಗ್ ಮ್ಯಾನೇಜರ್‌ಗೆ ಕಳುಹಿಸಿ, ಇದು ನಮ್ಮ ತೊಂದರೆಗೆ ಹತ್ತಿರವೇ ಎಂದು ಕೇಳಿ. ಅವರು ಅಲ್ಲ ಎಂದರೆ ಆ ಕೊಂಡಿಯನ್ನು ಬಿಟ್ಟುಬಿಡಬೇಕು. ಬಲವಂತವಾಗಿ ಜೋಡಿಸಿದ ಕೊಂಡಿ ಅರಿತವರ ಕಣ್ಣಿಗೆ ಮಾಸ್ ಮೆಸೇಜ್‌ಗಿಂತ ಕೆಟ್ಟದಾಗಿ ಕಾಣುತ್ತದೆ.

ಏನೂ ಬರೆಯದ, ಎಲ್ಲೂ ಮಾತಾಡದ ಎಂಜಿನಿಯರ್‌ಗಳೇ ಹೆಚ್ಚು. ಅವರ ಪ್ರೊಫೈಲಿನಲ್ಲಿ ಕಂಪನಿಯ ಹೆಸರು, ಹುದ್ದೆ, ವರ್ಷ ಮಾತ್ರ ಇರುತ್ತದೆ. ಅಂಥಲ್ಲಿ ಇಲ್ಲದ್ದನ್ನು ಊಹಿಸಬಾರದು. ‘ಪೇಮೆಂಟ್ಸ್ ಕಂಪನಿಯ ಬ್ಯಾಕೆಂಡ್‌ನಲ್ಲಿ ನಾಲ್ಕು ವರ್ಷ ಇದ್ದವರು ವಿನಂತಿ ಎರಡೆರಡು ಸಲ ಬರುವ ತೊಂದರೆ ನೋಡಿರುತ್ತೀರಿ ಎಂದುಕೊಂಡು ಬರೆಯುತ್ತಿದ್ದೇನೆ’ ಎಂದು ಊಹೆಯನ್ನು ಊಹೆಯೆಂದೇ ಹೇಳಿದರೆ ಸಾಕು. ಅದು ತಪ್ಪಿದ್ದರೆ ಅವರೇ ತಿದ್ದುತ್ತಾರೆ, ತಿದ್ದುವುದೂ ಒಂದು ಉತ್ತರವೇ.

ಈಗ ಬರೆಯಬಾರದ್ದು. ನಮ್ಮ ಕರಾವಳಿಯಲ್ಲಿ ಇದಕ್ಕೆ ವಿಶೇಷ ಎಚ್ಚರ ಬೇಕು, ಯಾಕೆಂದರೆ ಇಲ್ಲಿ ಸರ್‌ನೇಮ್ ನೋಡಿದ ಕೂಡಲೇ ಊರು, ಜಾತಿ, ಮನೆಮಾತು ಎಲ್ಲ ಗೊತ್ತಾಯಿತು ಎಂದುಕೊಳ್ಳುವ ಅಭ್ಯಾಸ ಇದೆ. ಶೆಟ್ಟಿ, ರೈ, ಪೂಜಾರಿ ಎಂದು ಕಂಡ ಕೂಡಲೇ ತುಳುವಿನಲ್ಲಿ ‘ಎಂಚ ಉಲ್ಲರ್’ ಎಂದು ಶುರು ಮಾಡುವುದು, ಕಾಮತ್ ಅಥವಾ ಪೈ ಎಂದಾದರೆ ಕೊಂಕಣಿಗೆ ಹೊರಳುವುದು ಆತ್ಮೀಯತೆ ಅನ್ನಿಸಬಹುದು. ಮುಂಬೈಯಲ್ಲಿ ಹುಟ್ಟಿ ಬೆಳೆದ ಶೆಟ್ಟಿಯವರಿಗೆ ತುಳು ಬರದೆ ಇರಬಹುದು. ತುಳು ಬರುವವರಿಗೂ, ತಮ್ಮನ್ನು ಸಮುದಾಯ ನೋಡಿ ಆರಿಸಿದರೇನೋ ಎಂಬ ಸಂಶಯ ಬರುತ್ತದೆ. ಕೆಲಸದ ಮಾತಿನಲ್ಲಿ ಆ ಸಂಶಯ ಹುಟ್ಟಲೇಬಾರದು. ಮಾತುಕತೆ ಬೆಳೆದು ಅವರೇ ತುಳುವಿಗೆ ಬಂದರೆ ಆಗ ನೀವೂ ಬನ್ನಿ.

ಹಾಗೆಯೇ ಮನೆಯ ವಿಷಯ. ಅವರು ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದಿದ್ದರೆ ಈ ಊರು ಅವರಿಗೆ ಗೊತ್ತು ಎಂದು ಹೇಳಬಹುದು, ಅದು ಪ್ರೊಫೈಲಿನಲ್ಲೇ ಇದೆ. ಆದರೆ ಅಲ್ಲಿ ಓದಿದವರೆಲ್ಲ ಕರಾವಳಿಯವರಲ್ಲ. ದೇಶದ ಎಲ್ಲ ಕಡೆಯಿಂದ ಬಂದವರಿರುತ್ತಾರೆ. ‘ಊರಿಗೆ ಮರಳುವ ಸುವರ್ಣಾವಕಾಶ’, ‘ಅಪ್ಪ ಅಮ್ಮನ ಹತ್ತಿರ ಇರಬಹುದು’ ಎಂಬ ಸಾಲುಗಳನ್ನು ಪೂರ್ತಿ ಬಿಡಿ. ಮನೆಯಲ್ಲಿ ಯಾರಿದ್ದಾರೆ, ಮದುವೆ ಆಗಿದೆಯೇ, ಮಕ್ಕಳ ಶಾಲೆ ಎಲ್ಲಿ ಎಂಬುದನ್ನು ಫೇಸ್‌ಬುಕ್‌ನಲ್ಲಿ ನೋಡಿ ತಿಳಿದುಕೊಂಡು ಬರೆದರೆ, ತಮ್ಮನ್ನು ಯಾರೋ ಹಿಂಬಾಲಿಸುತ್ತಿದ್ದಾರೆ ಎಂದು ಅವರಿಗೆ ಕಸಿವಿಸಿಯಾಗುತ್ತದೆ. ಊರಿಗೆ ಬರಬೇಕೆಂಬ ಆಸೆ ಇರುವವರಿಗೆ ‘ಮಂಗಳೂರು’ ಎಂಬ ಒಂದು ಪದ ಸಾಕು, ಉಳಿದದ್ದನ್ನು ಅವರೇ ಯೋಚಿಸಿಕೊಳ್ಳುತ್ತಾರೆ.

ಮೂರನೆಯ ಹಂತ: ಬರೆಯುವುದು

ಸಂದೇಶಕ್ಕೆ ನಾಲ್ಕು ತುಂಡು ಇರಲಿ. ನಿಮಗೇ ಯಾಕೆ ಬರೆದೆ; ಇಲ್ಲಿ ಕೆಲಸ ಏನು; ಸಂಬಳ, ಜಾಗ, ದಿನಗಳ ಲೆಕ್ಕ; ಮುಂದೆ ಏನು ಕೇಳುತ್ತೇನೆ. ಈ ಅನುಕ್ರಮಕ್ಕೆ ಕಾರಣ ಇದೆ. ಫೋನಿನ ನೋಟಿಫಿಕೇಶನ್‌ನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಅಲ್ಲಿ ‘ನಾನು ಇಂಥ ಕಂಪನಿಯ ಟ್ಯಾಲೆಂಟ್ ಅಕ್ವಿಸಿಶನ್ ವಿಭಾಗದಿಂದ’ ಎಂದು ಬಂದರೆ ತೆರೆಯುವುದೇ ಇಲ್ಲ. ಅವರದ್ದೇ ಕೆಲಸದ ವಿಷಯ ಅಲ್ಲಿ ಕಂಡರೆ ತೆರೆಯುತ್ತಾರೆ. ನಿಮ್ಮ ಹೆಸರು, ಹುದ್ದೆ ಕೊನೆಗೆ ಬಂದರೆ ಸಾಕು, ಪ್ರೊಫೈಲಿನಲ್ಲೂ ಇದ್ದೇ ಇದೆ.

ಮೊದಲ ಪ್ರಯತ್ನ ಹೆಚ್ಚಾಗಿ ಹೀಗೆ ಬರುತ್ತದೆ:

> ನಮಸ್ಕಾರ. ನಿಮ್ಮ ಲೇಖನ ಓದಿದೆ, ತುಂಬ ಮಾಹಿತಿಪೂರ್ಣವಾಗಿತ್ತು. ನಾವು ಮಂಗಳೂರಿನಲ್ಲಿ ಆರೋಗ್ಯ ಕ್ಷೇತ್ರಕ್ಕೆ ಸಾಫ್ಟ್‌ವೇರ್ ಮಾಡುವ ಕಂಪನಿ. ನಮ್ಮಲ್ಲಿ ಸವಾಲಿನ ಕೆಲಸ, ಒಳ್ಳೆಯ ಸಂಸ್ಕೃತಿ, ಆಕರ್ಷಕ ಸಂಬಳ ಇದೆ. ನಿಮ್ಮ ಹಿನ್ನೆಲೆ ಈ ಹುದ್ದೆಗೆ ತುಂಬ ಹೊಂದುತ್ತದೆ. ಈ ವಾರ ಮೂವತ್ತು ನಿಮಿಷದ ಕರೆಗೆ ಸಮಯ ಇದೆಯೇ?

ಮಾಸ್ ಮೆಸೇಜ್‌ಗಿಂತ ಇದು ಸಭ್ಯವಾಗಿದೆ. ಆದರೂ ತಿಳಿಸುವುದು ಅಷ್ಟೇ. ಲೇಖನ ಎಂದಿದೆ, ಲೇಖನದಲ್ಲಿ ಏನಿತ್ತು ಎಂದಿಲ್ಲ. ‘ಸವಾಲಿನ ಕೆಲಸ’ ಎಂದಿದೆ, ಯಾವ ಸವಾಲು ಎಂದಿಲ್ಲ. ‘ತುಂಬ ಹೊಂದುತ್ತದೆ’ ಎಂಬ ತೀರ್ಮಾನ ಇದೆ, ಅದಕ್ಕೆ ಆಧಾರ ಇಲ್ಲ. ಮೂವತ್ತು ನಿಮಿಷ ಕೇಳುವುದೂ ಜಾಸ್ತಿಯಾಯಿತು. ಅವರು ಇನ್ನೂ ಆಸಕ್ತಿಯನ್ನೇ ತೋರಿಸಿಲ್ಲ. ಪ್ರತಿ ಗುಣವಾಚಕವನ್ನು ತೆಗೆದು, ಆ ಜಾಗದಲ್ಲಿ ಮ್ಯಾನೇಜರ್ ಹೇಳಿದ ಸಂಗತಿಯನ್ನು ಇಟ್ಟರೆ ಹೀಗಾಗುತ್ತದೆ:

> ವಿಷಯ: ಒಂದೇ ಬಿಲ್ ಎರಡು ಸಲ ದಾಖಲಾಗುವ ತೊಂದರೆ, ಮಂಗಳೂರಿನಲ್ಲಿ ಬ್ಯಾಕೆಂಡ್ ಕೆಲಸ
>
> ನಮಸ್ಕಾರ … ಅವರೇ,
>
> ನೆಟ್‌ವರ್ಕ್ ಕಡಿದು ವಿನಂತಿ ಮತ್ತೆ ಬಂದಾಗ ಪಾವತಿ ಎರಡು ಸಲ ಆಗದಂತೆ ತಡೆದ ನಿಮ್ಮ ಲೇಖನ ಓದಿದೆ. ನಮ್ಮ ಆಸ್ಪತ್ರೆ ಸಾಫ್ಟ್‌ವೇರ್‌ನಲ್ಲೂ ಇದೇ ತೊಂದರೆ ಇದೆ: ಔಷಧದ ಬಿಲ್ ಎರಡು ಸಲ ಬಂದು ದಾಸ್ತಾನಿನ ಲೆಕ್ಕ ತಪ್ಪುತ್ತದೆ. ಆರು ತಿಂಗಳಲ್ಲಿ ಇದನ್ನು ಬುಡದಿಂದ ಸರಿ ಮಾಡಿ, ಆ ಭಾಗವನ್ನು ಮುಂದೆ ನೋಡಿಕೊಳ್ಳುವವರು ಬೇಕಾಗಿದ್ದಾರೆ.
>
> ಸೀನಿಯರ್ ಬ್ಯಾಕೆಂಡ್ ಎಂಜಿನಿಯರ್ ಹುದ್ದೆ. ವರ್ಷಕ್ಕೆ 26ರಿಂದ 31 ಲಕ್ಷ, ಪೂರ್ತಿ ಫಿಕ್ಸೆಡ್, ಕಂಪನಿಯ ಪಿಎಫ್ ಪಾಲು ಇದರೊಳಗೆ. ಆಫೀಸು ಕದ್ರಿಯಲ್ಲಿ, ವಾರಕ್ಕೆ ಮೂರು ದಿನ. ತೊಂಬತ್ತು ದಿನ ನೋಟಿಸ್ ಇದ್ದರೂ ಕಾಯುತ್ತೇವೆ.
>
> ನೀವು ಕೆಲಸ ಹುಡುಕುತ್ತಿಲ್ಲ ಎಂದುಕೊಂಡಿದ್ದೇನೆ. ಆದರೂ ಆಸಕ್ತಿ ಹುಟ್ಟಿದರೆ ‘ವಿವರ ಕಳುಹಿಸಿ’ ಎಂದಷ್ಟೇ ಬರೆಯಿರಿ, ಒಂದು ಪುಟದ ಟಿಪ್ಪಣಿ ಕಳುಹಿಸುತ್ತೇನೆ. ಬೇಡ ಎಂದರೂ ಒಂದು ಪದ ಸಾಕು, ಮತ್ತೆ ಬರೆಯುವುದಿಲ್ಲ.

ಇದರಲ್ಲಿ ಕಂಪನಿಯ ಸಂಸ್ಥಾಪಕರು ಯಾರು, ಯಾವ ಪ್ರಶಸ್ತಿ ಬಂದಿದೆ ಎಂಬುದಿಲ್ಲ. ಬೇಕಾದವರು ಕಂಪನಿಯ ಪುಟಕ್ಕೆ ಹೋಗಿ ನೋಡುತ್ತಾರೆ. ತೊಂದರೆಯನ್ನು ಮುಚ್ಚಿಡದೆ ಹೇಳಿದ್ದನ್ನು ಕೆಲವು ಮ್ಯಾನೇಜರ್‌ಗಳು ಒಪ್ಪುವುದಿಲ್ಲ, ನಮ್ಮ ಉತ್ಪನ್ನದ ದೋಷ ಹೊರಗೆ ಯಾಕೆ ಎಂದು ಕೇಳುತ್ತಾರೆ. ಆಸ್ಪತ್ರೆಯ ಹೆಸರು, ಎಷ್ಟು ಕಡೆ ಹೀಗಾಗಿದೆ ಎಂಬ ಲೆಕ್ಕ ಬೇಡ. ಅದು ಗ್ರಾಹಕರ ಗುಟ್ಟು. ಆದರೆ ತೊಂದರೆಯ ಜಾತಿಯನ್ನಾದರೂ ಹೇಳಲೇಬೇಕು. ಹಿರಿಯ ಎಂಜಿನಿಯರ್ ಇರುವ ಜಾಗ ಬಿಟ್ಟು ಬರುವುದು ಅವರು ಬಂದರೆ ಸರಿಯಾಗುವಂಥದ್ದು ಏನಾದರೂ ಇದ್ದರೆ ಮಾತ್ರ.

ಸಂಬಳದ ಸಾಲಿನಲ್ಲಿ ‘ಫಿಕ್ಸೆಡ್’, ‘ಪಿಎಫ್ ಒಳಗೆ’ ಎಂಬ ಎರಡು ಮಾತು ಚಿಕ್ಕದಾಗಿ ಕಂಡರೂ ಅವೇ ನಂಬಿಕೆ ಹುಟ್ಟಿಸುತ್ತವೆ. ಸಿಟಿಸಿ ಎಂಬ ಮೊತ್ತದೊಳಗೆ ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿ, ವೇರಿಯಬಲ್ ಎಲ್ಲ ಸೇರಿಸಿ ದೊಡ್ಡದಾಗಿ ತೋರಿಸುವ ರೂಢಿ ಎಲ್ಲರಿಗೂ ಗೊತ್ತು. ನಿಮ್ಮಲ್ಲಿ ವೇರಿಯಬಲ್ ಇದ್ದರೆ ‘ಇದರಲ್ಲಿ ಹತ್ತರಲ್ಲೊಂದು ಭಾಗ ವೇರಿಯಬಲ್’ ಎಂದು ಹಾಗೇ ಬರೆಯಿರಿ. ಅವರ ಬೆಂಗಳೂರಿನ ಸಂಬಳಕ್ಕಿಂತ ಇದು ಕಡಿಮೆ ಎನ್ನಿಸಿದರೂ ಮರೆಮಾಚಬೇಡಿ. ಎರಡು ಸಂದರ್ಶನ ಆದ ಮೇಲೆ ಗೊತ್ತಾಗಿ ಬಿಟ್ಟು ಹೋಗುವುದಕ್ಕಿಂತ ಈಗಲೇ ಬೇಡ ಎನ್ನುವುದು ಎರಡೂ ಕಡೆಗೆ ಲಾಭ.

ನೋಟಿಸಿನ ಸಾಲಿಗೂ ಒಂದು ಒಳ ಲೆಕ್ಕ ಇದೆ. ಅವರು ಈಗಿನ ಕಂಪನಿಗೆ ಸೇರಿ ನಾಲ್ಕು ವರ್ಷ ಕಳೆದಿದ್ದರೆ ಐದು ವರ್ಷಕ್ಕೆ ಗ್ರಾಚ್ಯುಟಿ ಕೈಗೆ ಬರುತ್ತದೆ ಎಂಬುದು ಅವರ ಮನಸ್ಸಿನಲ್ಲಿರುತ್ತದೆ. ಮಾರ್ಚ್ ಹತ್ತಿರ ಇದ್ದರೆ ಬೋನಸ್, ಇನ್‌ಕ್ರಿಮೆಂಟ್ ಕಾಯುತ್ತಿರುತ್ತಾರೆ. ಮೊದಲ ಸಂದೇಶದಲ್ಲಿ ಇದನ್ನೆಲ್ಲ ಹೇಳಬೇಕಿಲ್ಲ, ‘ಕಾಯುತ್ತೇವೆ’ ಎಂದರೆ ಸಾಕು. ಆದರೆ ಕಂಪನಿ ನಿಜವಾಗಿ ಕಾಯುತ್ತದೆ ಎಂದು ಮೊದಲೇ ಖಚಿತ ಮಾಡಿಕೊಂಡಿರಬೇಕು.

ಕಳುಹಿಸುವ ಮೊದಲು ಎರಡು ಪರೀಕ್ಷೆ

ಹೆಸರನ್ನು ತೆಗೆದು ಸಂದೇಶದ ಮೊದಲ ವಾಕ್ಯ ಓದಿ. ನಿಮ್ಮ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಅದನ್ನೇ ಕಳುಹಿಸಿದರೆ ಅದು ಸುಳ್ಳಾಗಬೇಕು. ಸುಳ್ಳಾಗದಿದ್ದರೆ ಇನ್ನೂ ನೀವು ಒಬ್ಬರಿಗೆ ಬರೆದಿಲ್ಲ. ಆಮೇಲೆ ಕೆಲಸದ ವಾಕ್ಯವನ್ನು ಆ ತಂಡದ ಒಬ್ಬ ಎಂಜಿನಿಯರ್‌ಗೆ ಓದಿ ಹೇಳಿ. ಅವರು ‘ಹೌದು, ಇದೇ ನಮ್ಮ ತಲೆನೋವು’ ಎಂದರೆ ಸರಿ. ಮುಖದಲ್ಲಿ ಗೊಂದಲ ಕಂಡರೆ ಮ್ಯಾನೇಜರ್ ಹತ್ತಿರ ವಾಪಸ್ ಹೋಗಬೇಕು. ಎರಡನೆಯ ವಾಕ್ಯದಿಂದ ಮುಂದಿನದು ಎಲ್ಲರಿಗೂ ಒಂದೇ ಇದ್ದರೆ ತಪ್ಪಿಲ್ಲ. ಹುದ್ದೆ ಒಂದೇ, ಸಂಬಳ ಒಂದೇ. ಬದಲಾಗಬೇಕಾದ್ದು ಮೊದಲ ವಾಕ್ಯ ಮತ್ತು ಅದರಿಂದ ಹುದ್ದೆಗೆ ಹೋಗುವ ಕೊಂಡಿ. ಈ ರೀತಿ ಬರೆದರೆ ದಿನಕ್ಕೆ ಎಂಟು ಹತ್ತು ಸಂದೇಶಕ್ಕಿಂತ ಹೆಚ್ಚು ಆಗುವುದಿಲ್ಲ. ಗುರಿ ಇಟ್ಟು ಐವತ್ತು ಕಳುಹಿಸಲು ಹೇಳುವ ಮ್ಯಾನೇಜರ್‌ಗೆ, ಕಳುಹಿಸಿದ ಸಂಖ್ಯೆಯ ಬದಲು ಬಂದ ಉತ್ತರಗಳ ಸಂಖ್ಯೆ ತೋರಿಸಿ.

ಹೆಸರಿನ ವಿಷಯಕ್ಕೆ ಇನ್ನೊಂದು ಮಾತು. ನಮ್ಮ ಕಡೆಯವರಲ್ಲಿ ಇನಿಶಿಯಲ್ ಮುಂದೆ ಇಡುವವರು ಬಹಳ. ಟೆಂಪ್ಲೇಟಿನಲ್ಲಿ ಹೆಸರನ್ನು ತಾನಾಗಿ ತುಂಬಿಸುವ ವ್ಯವಸ್ಥೆ ಮೊದಲ ಪದವನ್ನೇ ಎತ್ತಿಕೊಳ್ಳುವುದರಿಂದ ‘ನಮಸ್ಕಾರ ಕೆ’ ಎಂದು ಹೋಗಿಬಿಡುತ್ತದೆ. ಆ ಒಂದು ಅಕ್ಷರ ಇಡೀ ಸಂದೇಶವನ್ನು ಕೆಡಿಸುತ್ತದೆ. ಹೆಸರನ್ನು ಕೈಯಲ್ಲೇ ಟೈಪ್ ಮಾಡಿ, ಸರ್‌ನೇಮಿನಿಂದ ಕರೆಯಬೇಡಿ, ಹೆಸರಿನ ಜೊತೆ ‘ಅವರೇ’ ಇರಲಿ. ಇಂಗ್ಲಿಷಿನಲ್ಲಿ ಬರೆಯುವಾಗಲೂ ಹೀಗೆಯೇ ಪೂರ್ತಿ ಹೆಸರು. ಭಾಷೆಯ ಬಗ್ಗೆ ಹೇಳುವುದಾದರೆ, ಅವರು ತಮ್ಮ ಪೋಸ್ಟ್‌ಗಳನ್ನು ಯಾವ ಭಾಷೆಯಲ್ಲಿ ಬರೆಯುತ್ತಾರೋ ಆ ಭಾಷೆಯಲ್ಲಿ ಬರೆಯಿರಿ. ಹೆಚ್ಚಿನವರದ್ದು ಇಂಗ್ಲಿಷ್, ಸಂದೇಶದ ಕಟ್ಟು ಮಾತ್ರ ಮೇಲಿನದೇ.

ಎಲ್ಲಿ ಕಳುಹಿಸುವುದು

ಸಂಪರ್ಕದಲ್ಲಿಲ್ಲದವರಿಗೂ ಬರೆಯಬಹುದಾದ ಲಿಂಕ್ಡ್‌ಇನ್‌ನ ಇನ್‌ಮೇಲ್‌ನಲ್ಲಿ ವಿಷಯಕ್ಕೆ 200 ಅಕ್ಷರ, ಒಳಗಿನ ಬರಹಕ್ಕೆ 1900 ಅಕ್ಷರದ ಮಿತಿ ಇದೆ. ಅಷ್ಟನ್ನೂ ತುಂಬುವ ಅಗತ್ಯ ಇಲ್ಲ, ಮೇಲಿನ ಸಂದೇಶ ಅದರ ಅರ್ಧದೊಳಗೆ ಮುಗಿಯುತ್ತದೆ. ಇನ್‌ಮೇಲ್‌ಗೆ ತೊಂಬತ್ತು ದಿನದೊಳಗೆ ಉತ್ತರ ಬಂದರೆ, ಬೇಡ ಎಂಬ ಉತ್ತರವಾದರೂ, ಖರ್ಚಾದ ಕ್ರೆಡಿಟ್ ವಾಪಸ್ ಸಿಗುತ್ತದೆ. ಹಾಗಾಗಿ ‘ಬೇಡ ಎಂದರೂ ಒಂದು ಪದ ಸಾಕು’ ಎಂಬ ಸಾಲು ಸೌಜನ್ಯಕ್ಕೂ ಆಯಿತು, ಲೆಕ್ಕಕ್ಕೂ ಆಯಿತು. ಇನ್‌ಮೇಲ್ ಇಲ್ಲದೆ ಕನೆಕ್ಷನ್ ವಿನಂತಿಯ ಜೊತೆ ಟಿಪ್ಪಣಿ ಹಾಕುವುದಾದರೆ ಜಾಗ ಉಚಿತ ಖಾತೆಯಲ್ಲಿ 200 ಅಕ್ಷರ, ಪ್ರೀಮಿಯಂನಲ್ಲಿ ಹೆಚ್ಚೆಂದರೆ 300. ಅಲ್ಲಿ ಎಲ್ಲವನ್ನೂ ತುರುಕಬೇಡಿ. ಲೇಖನದ ಕೊಂಡಿ ಮತ್ತು ‘ಇದೇ ತೊಂದರೆ ಇರುವ ಹುದ್ದೆಯೊಂದರ ಬಗ್ಗೆ ಬರೆಯಬಹುದೇ’ ಎಂಬ ಪ್ರಶ್ನೆ ಇದ್ದರೆ ಸಾಕು.

ಈಗಿನ ಕಂಪನಿಯ ಇಮೇಲ್ ವಿಳಾಸಕ್ಕೆ ಎಂದೂ ಬರೆಯಬಾರದು. ಅದನ್ನು ಕಂಪನಿ ನೋಡಬಹುದು, ಅವರು ಕೆಲಸ ಹುಡುಕುತ್ತಿದ್ದಾರೆ ಎಂದು ತಪ್ಪು ತಿಳಿಯಬಹುದು. ವಾಟ್ಸಾಪ್ ಮೊದಲ ಸಂದೇಶದ ಜಾಗ ಅಲ್ಲ. ಅವರ ನಂಬರ್ ನಿಮಗೆ ಹೇಗೆ ಸಿಕ್ಕಿತು ಎಂಬ ಪ್ರಶ್ನೆ ಹುದ್ದೆಗಿಂತ ಮುಂದೆ ಬಂದು ನಿಲ್ಲುತ್ತದೆ. ಮಂಗಳೂರಿನಂಥ ಊರಿನಲ್ಲಿ ಗುರುತಿನವರ ಮೂಲಕ ನಂಬರ್ ಸಿಗುವುದು ಸುಲಭ. ಹಾಗೆ ಸಿಕ್ಕಿದರೆ, ಕೊಟ್ಟವರೇ ಮೊದಲು ಅವರನ್ನು ಕೇಳಿ ಒಪ್ಪಿಗೆ ಪಡೆಯಲಿ, ಆಮೇಲೆ ಅವರ ಹೆಸರು ಹೇಳಿ ಬರೆಯಿರಿ.

ಸಮಯದ ಬಗ್ಗೆ ತಲೆ ಕೆಡಿಸಿಕೊಳ್ಳುವಷ್ಟಿಲ್ಲ. ಶುಕ್ರವಾರ ಸಂಜೆ ಬೇಡ, ಬೆಂಗಳೂರಿನ ಕರಾವಳಿಯವರಲ್ಲಿ ಹಲವರು ಆಗ ಊರಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿರುತ್ತಾರೆ. ವಾರದ ಮಧ್ಯದ ಬೆಳಗ್ಗೆ ಸಾಕು.

ಉತ್ತರ ಬಾರದಿದ್ದರೆ, ಬಂದರೆ

ಒಂದು ವಾರ ಬಿಟ್ಟು ಒಂದೇ ಒಂದು ಸಲ ಮತ್ತೆ ಬರೆಯಬಹುದು. ‘ನನ್ನ ಹಿಂದಿನ ಸಂದೇಶ ನೋಡಿದಿರಾ’ ಎಂದು ಕೇಳಬೇಡಿ. ಹೊಸದೊಂದು ಸಂಗತಿ ಕೊಡಿ: ‘ಬೆಂಗಳೂರಿನಿಂದಲೇ ಕೆಲಸ ಮಾಡಿ ತಿಂಗಳಿಗೊಂದು ವಾರ ಕದ್ರಿಗೆ ಬರುವುದಕ್ಕೂ ಮ್ಯಾನೇಜರ್ ಒಪ್ಪಿದ್ದಾರೆ, ಅದನ್ನು ಹಿಂದೆ ಬರೆದಿರಲಿಲ್ಲ.’ ಕೊಡಲು ಹೊಸದೇನೂ ಇಲ್ಲದಿದ್ದರೆ ಎರಡನೆಯ ಸಂದೇಶವೇ ಬೇಡ. ಮೂರನೆಯದು ಯಾವ ಕಾರಣಕ್ಕೂ ಬೇಡ.

ಬಂದ ಉತ್ತರಗಳು ನಿಮ್ಮ ಸಂದೇಶದಲ್ಲಿ ಎಲ್ಲಿ ತಪ್ಪಿದೆ ಎಂದು ತೋರಿಸುತ್ತವೆ. ‘ಜೆಡಿ ಕಳುಹಿಸಿ’ ಎಂದು ಹಲವರು ಕೇಳಿದರೆ ಕೆಲಸದ ವಾಕ್ಯ ಸ್ಪಷ್ಟವಾಗಿಲ್ಲ. ‘ರಿಮೋಟ್ ಇದೆಯೇ’ ಎಂದು ಪದೇ ಪದೇ ಬಂದರೆ ಆಫೀಸಿನ ದಿನಗಳನ್ನು ಬರೆದಿಲ್ಲ ಅಥವಾ ಹಿಂದೆ ಅಡಗಿಸಿದ್ದೀರಿ. ತೆರೆದು ಓದಿಯೂ ಯಾರೂ ಉತ್ತರಿಸದಿದ್ದರೆ ಹೆಚ್ಚಾಗಿ ತಪ್ಪು ಇರುವುದು ಜನರ ಆಯ್ಕೆಯಲ್ಲಿ: ಆ ತೊಂದರೆ ಅವರ ಮಟ್ಟಕ್ಕೆ ತೀರ ಸಣ್ಣದು, ಅಥವಾ ಸಂಬಳ ಅವರ ಈಗಿನದಕ್ಕಿಂತ ಬಹಳ ಕೆಳಗೆ. ಆಗ ಸಂದೇಶ ತಿದ್ದುವ ಬದಲು ಹುಡುಕಾಟವನ್ನು ತಿದ್ದಬೇಕು, ಏಳು ವರ್ಷದವರ ಬದಲು ಐದು ವರ್ಷದವರನ್ನು ನೋಡಬೇಕು.

‘ವಿವರ ಕಳುಹಿಸಿ’ ಎಂದವರಿಗೆ ಅದೇ ದಿನ ಹೇಳಿದ್ದ ಒಂದು ಪುಟ ಹೋಗಬೇಕು. ಅದರಲ್ಲಿ ತಂಡದಲ್ಲಿ ಎಷ್ಟು ಜನ, ಯಾರ ಕೈಕೆಳಗೆ, ಈಗ ಬಳಸುತ್ತಿರುವ ತಂತ್ರಾಂಶಗಳು, ಸಂದರ್ಶನ ಎಷ್ಟು ಸುತ್ತು, ಒಟ್ಟು ಎಷ್ಟು ದಿನ ಎಂಬುದಿರಲಿ. ರೆಸ್ಯೂಮ್ ಕೇಳುವುದು ಅದಾದ ಮೇಲೆ, ಮಾತಾಡಲು ಅವರು ಒಪ್ಪಿದ ನಂತರ.

‘ಈಗ ಬೇಡ, ಮುಂದಿನ ವರ್ಷ ನೋಡೋಣ’ ಎಂದವರ ಹೆಸರಿನ ಮುಂದೆ ದಿನಾಂಕ ಮತ್ತು ಅವರು ಕೊಟ್ಟ ಕಾರಣ ಬರೆದಿಡಿ. ಗ್ರಾಚ್ಯುಟಿಗೆ ಎಂಟು ತಿಂಗಳು ಬಾಕಿ ಎಂದಿದ್ದರೆ ಒಂಬತ್ತನೆಯ ತಿಂಗಳಿನಲ್ಲಿ ಬರೆಯಿರಿ, ಹಿಂದೆ ಅವರು ಹೇಳಿದ್ದ ಮಾತಿನಿಂದಲೇ ಶುರು ಮಾಡಿ. ಆಗ ಆ ಹುದ್ದೆ ತುಂಬಿದ್ದರೆ ಅದನ್ನೂ ಮೊದಲ ವಾಕ್ಯದಲ್ಲೇ ತಿಳಿಸಿ, ಈಗ ಇರುವ ಕೆಲಸ ಯಾವುದು ಎಂದು ಹೇಳಿ.